ಗುಂಪಿನ ಗೋದಾಮಿನ ಮೆಕ್ಕೆಜೋಳ: ನೀರೆಷ್ಟು ಹೋಯಿತು, ಕಾಳೆಷ್ಟು ಹೋಯಿತು ಎಂದು ಬರೆದಿಡುವ ಬಗೆ

ಡಿಸೆಂಬರಿನಲ್ಲಿ 230 ಕ್ವಿಂಟಾಲ್ ಮೆಕ್ಕೆಜೋಳ ಗುಂಪಿನ ಗೋದಾಮಿಗೆ ಹೋಯಿತು. ಏಪ್ರಿಲ್ ಕೊನೆಗೆ ಹೊರಗೆ ತೂಗಿದಾಗ 223.5 ಕ್ವಿಂಟಾಲ್ ಬಂತು. ಆರೂವರೆ ಕ್ವಿಂಟಾಲ್ ಕಮ್ಮಿ. ಇದು ಒಣಗಿ ಹೋದದ್ದೋ, ಹುಳ ತಿಂದದ್ದೋ, ಯಾರಾದರೂ ತೆಗೆದದ್ದೋ? ತೂಕವನ್ನು ಮಾತ್ರ ಬರೆದಿಟ್ಟ ಗುಂಪಿಗೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆಗ ಮೊದಲು ಕಣ್ಣು ಹೋಗುವುದು ಗೋದಾಮಿನ ಕೀಲಿ ಇಟ್ಟುಕೊಂಡವರ ಮೇಲೆ.

ಹಾವೇರಿ, ದಾವಣಗೆರೆ ಕಡೆ ಮಳೆಗಾಲದ ಮೆಕ್ಕೆಜೋಳ, ಅಂದರೆ ಗೋವಿನಜೋಳ, ಅಕ್ಟೋಬರಿನಿಂದ ಡಿಸೆಂಬರ್ ತನಕ ಕಟಾವಿಗೆ ಬರುತ್ತದೆ. ಎಲ್ಲರೂ ಒಟ್ಟಿಗೆ ಮಾರುವಾಗ ದರ ಇಳಿಯುತ್ತದೆ ಎಂದು ರೈತರು ಗುಂಪಾಗಿ ನಾಲ್ಕೈದು ತಿಂಗಳು ಇಟ್ಟು ಮಾರುತ್ತಾರೆ. ಆ ನಾಲ್ಕೈದು ತಿಂಗಳ ಲೆಕ್ಕ ಹೇಗೆ ಬರೆಯಬೇಕು ಎಂಬುದನ್ನು ಇಲ್ಲಿ ಮೇಲಿನ 230 ಕ್ವಿಂಟಾಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಎಂದು ಮೂವರು ಸದಸ್ಯರ ಮಾಲು ಮಾತ್ರ ತೆಗೆದುಕೊಂಡಿದ್ದೇನೆ. ಮೂವತ್ತು ಜನರಿದ್ದರೂ ಲೆಕ್ಕ ಇದೇ.

ಮೊದಲು ಒಣ ತೂಕ ಅಂದರೇನು ನೋಡೋಣ

ಮಾಯಿಶ್ಚರ್ ಮೀಟರ್ 14 ಎಂದು ತೋರಿಸಿದರೆ ನೂರು ಕೆಜಿ ಕಾಳಿನಲ್ಲಿ 14 ಕೆಜಿ ನೀರು, 86 ಕೆಜಿ ನೀರಿಲ್ಲದ ಕಾಳು ಇದೆ ಎಂದು ಅರ್ಥ. ಈ 86ನ್ನು ನಾವು ಒಣ ತೂಕ ಎಂದು ಕರೆಯೋಣ. ಬಿಸಿಲಿಗೆ, ಗಾಳಿಗೆ ನೀರು ಹೋಗುತ್ತದೆ, ಮಳೆಗಾಲದಲ್ಲಿ ಮತ್ತೆ ಬರುತ್ತದೆ. ಒಣ ತೂಕ ಹಾಗಲ್ಲ. ಹುಳ ತಿಂದರೆ, ಬೂಷ್ಟು ಹಿಡಿದರೆ, ಚೆಲ್ಲಿದರೆ, ಕದ್ದರೆ ಮಾತ್ರ ಅದು ಕಮ್ಮಿಯಾಗುತ್ತದೆ. ತಾನಾಗಿ ಜಾಸ್ತಿಯಂತೂ ಆಗುವುದೇ ಇಲ್ಲ. ಹಾಗಾಗಿ ಗುಂಪಿನ ಪುಸ್ತಕದಲ್ಲಿ ನಂಬಿಕೆಗೆ ಯೋಗ್ಯವಾದ ಅಂಕಿ ಇದೊಂದೇ.

ಲೆಕ್ಕಕ್ಕೆ ಬೇಕಾದದ್ದು ಎರಡೇ ಸಾಲು:

```
ಒಣ ತೂಕ = ನಿವ್ವಳ ತೂಕ × (100 − ತೇವಾಂಶ) ÷ 100
ಈಗ ಇರಬೇಕಾದ ತೂಕ = ಒಣ ತೂಕ × 100 ÷ (100 − ಈಗಿನ ತೇವಾಂಶ)
```

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ತೇವಾಂಶ 16ರಿಂದ 12ಕ್ಕೆ ಇಳಿದರೆ ನೂರು ಕ್ವಿಂಟಾಲಿಗೆ ನಾಲ್ಕು ಕ್ವಿಂಟಾಲ್ ಇಳಿಯುತ್ತದೆ ಎಂದು ಸುಮ್ನೆ ಕಳೆದುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಒಣ ತೂಕ 84 ಕ್ವಿಂಟಾಲ್. ಅದನ್ನು ನೂರರಿಂದ ಗುಣಿಸಿ 88ರಿಂದ ಭಾಗಿಸಿದರೆ 95.45 ಬರುತ್ತದೆ. ಇಳಿದದ್ದು ನಾಲ್ಕಲ್ಲ, 4.55 ಕ್ವಿಂಟಾಲ್. ನೀರು ಹೋದಂತೆ ಒಟ್ಟು ತೂಕವೂ ಇಳಿಯುತ್ತದೆ. ಕೊನೆಯ 12 ಎನ್ನುವುದು ಆ ಇಳಿದ ತೂಕದ ಶೇಕಡಾ 12, ಮೊದಲಿನ ನೂರರ 12 ಅಲ್ಲ. ಅರ್ಧ ಕ್ವಿಂಟಾಲಿನ ಈ ವ್ಯತ್ಯಾಸವೇ ನೂರಾರು ಕ್ವಿಂಟಾಲಿಗೆ ಹೋದಾಗ "ಮಾಲು ಎಲ್ಲೋ ಕಳೆದಿದೆ" ಎಂಬ ಅನುಮಾನವಾಗಿ ಬೆಳೆಯುತ್ತದೆ.

ಮಾಲು ಒಳಗೆ ತೆಗೆದುಕೊಳ್ಳುವ ದಿನ

ಎಲ್ಲ ಲೆಕ್ಕದ ಬುಡ ಈ ದಿನವೇ. ಇಲ್ಲಿ ಬಿಟ್ಟುಹೋದದ್ದನ್ನು ಏಪ್ರಿಲಿನಲ್ಲಿ ಹುಡುಕಲು ಆಗುವುದಿಲ್ಲ.

ಚೀಲದಲ್ಲಿ ತಿಂಗಳುಗಟ್ಟಲೆ ಇಡುವ ಮೆಕ್ಕೆಜೋಳಕ್ಕೆ 14ಕ್ಕಿಂತ ಜಾಸ್ತಿ ತೇವಾಂಶ ಇರಬಾರದು. ಬೆಂಬಲ ಬೆಲೆಯ ಖರೀದಿಯಲ್ಲೂ 14 ಗರಿಷ್ಠ ಮಿತಿ. ನನ್ನ ಕೇಳಿದರೆ 12ರಿಂದ 13 ಒಳ್ಳೆಯದು. 16, 17 ಇರುವ ಮಾಲನ್ನು "ಅಲ್ಲೇ ಒಣಗುತ್ತೆ ಬಿಡಿ" ಎಂದು ನಿಟ್ಟಿಗೆ ಹಾಕಬೇಡಿ. ಅದು ಒಣಗುವ ಮೊದಲು ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ, ಪಕ್ಕದ ಚೀಲಗಳನ್ನೂ ಕೆಡಿಸುತ್ತದೆ. ಅಂಥ ಮಾಲನ್ನು ವಾಪಸ್ ಒಣಗಲು ಹಾಕಿಸಿ, ಒಣಗಿದ ಮೇಲಿನ ತೂಕವನ್ನೇ ಪುಸ್ತಕಕ್ಕೆ ಹತ್ತಿಸಿ. ಒಂದು ಎಚ್ಚರ: ಆಗಷ್ಟೇ ಕಣದಿಂದ ಬಾಚಿ ತಂದ ಕಾಳಿನ ಮೇಲ್ಮೈ ಒಣಗಿರುತ್ತದೆ, ಒಳಗೆ ಹಸಿ ಇರುತ್ತದೆ. ಮೀಟರ್ ಕಮ್ಮಿ ತೋರಿಸುತ್ತದೆ. ಒಂದು ರಾತ್ರಿ ಮುಚ್ಚಿಟ್ಟು ಮರುದಿನ ಬೆಳಿಗ್ಗೆ ನೋಡಿ.

ತೂಕದ ಯಂತ್ರದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಆ ವರ್ಷದ ಮುದ್ರೆ ಇರಲಿ. ತೂಗಲು ಶುರು ಮಾಡುವ ಮೊದಲು ಮುದ್ರೆ ಇರುವ 20 ಕೆಜಿಯ ಕಬ್ಬಿಣದ ಬಟ್ಟು ಇಟ್ಟು ನೋಡಿ, ಬಂದ ಅಂಕಿಯನ್ನು ಪುಸ್ತಕದ ತುದಿಯಲ್ಲಿ ಬರೆಯಿರಿ. ಹೊರಗೆ ತೂಗುವಾಗಲೂ ಇದೇ ಯಂತ್ರ ಇರಲಿ. ಒಳಗೆ ಬರುವಾಗ ಚೀಲ ಚೀಲವಾಗಿ ತೂಗಿ, ಹೊರಗೆ ಹೋಗುವಾಗ ಲಾರಿ ಸಮೇತ ವೇಬ್ರಿಡ್ಜ್ ಮೇಲೆ ತೂಗಿ ಎರಡನ್ನೂ ಹೋಲಿಸಿದರೆ ಯಂತ್ರಗಳ ವ್ಯತ್ಯಾಸವೇ ನಷ್ಟದ ಲೆಕ್ಕದಲ್ಲಿ ಸೇರಿಬಿಡುತ್ತದೆ. ವೇಬ್ರಿಡ್ಜ್ ತೂಕವನ್ನು ವ್ಯಾಪಾರಿಯ ಲೆಕ್ಕಕ್ಕೆ ಇಟ್ಟುಕೊಳ್ಳಿ, ಗುಂಪಿನ ಲೆಕ್ಕಕ್ಕೆ ನಿಮ್ಮ ಯಂತ್ರದ ತೂಕ.

ಖಾಲಿ ಚೀಲದ ತೂಕವನ್ನು ಕಳೆಯುವುದು ಸಣ್ಣ ವಿಷಯ ಎಂದು ಅನಿಸಬಹುದು. ನಮ್ಮ 230 ಕ್ವಿಂಟಾಲಿಗೆ 50 ಕೆಜಿಯ 460 ಚೀಲ ಬೇಕು. ಒಂದು ಗೋಣಿ ಚೀಲ ಸುಮಾರು 600 ಗ್ರಾಂ ತೂಗಿದರೆ 460 ಚೀಲಕ್ಕೆ 276 ಕೆಜಿ. ಅಂದರೆ ಎರಡೂ ಮುಕ್ಕಾಲು ಕ್ವಿಂಟಾಲ್! ಮುಂದೆ ನೋಡುವ ಹಾಗೆ, ಈ ಮಾಲಿನಲ್ಲಿ ನಿಜವಾಗಿ ಆದ ನಷ್ಟಕ್ಕಿಂತ ಇದು ಜಾಸ್ತಿ. ಒಂದೇ ಬಗೆಯ ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. ಗೋಣಿಯೂ ತೇವ ಎಳೆದುಕೊಳ್ಳುತ್ತದೆ, ಆದ್ದರಿಂದ ಹೊರಗೆ ಹೋಗುವ ದಿನ ಇನ್ನೊಮ್ಮೆ ಹತ್ತು ಖಾಲಿ ಚೀಲ ತೂಗಿ. ಒಬ್ಬರು ಗೋಣಿ, ಇನ್ನೊಬ್ಬರು ಪ್ಲಾಸ್ಟಿಕ್ ಚೀಲ ತಂದಿದ್ದರೆ ಎರಡಕ್ಕೂ ಬೇರೆ ಬೇರೆ ತೂಕ ಬರೆಯಿರಿ.

ಈಗ ತೇವಾಂಶ. ಬಾಗಿಲ ಹತ್ತಿರದ ಒಂದು ಚೀಲ ಬಿಚ್ಚಿ ಮೇಲಿನ ಒಂದು ಹಿಡಿ ಕಾಳು ನೋಡಿದರೆ ಅದು ಆ ಚೀಲದ ಬಾಯಿಯ ತೇವಾಂಶ ಅಷ್ಟೇ. ಒಬ್ಬ ಸದಸ್ಯರ ಚೀಲಗಳು ಹತ್ತರೊಳಗೆ ಇದ್ದರೆ ಎಲ್ಲ ಚೀಲಗಳಿಂದಲೂ ತೆಗೆಯಿರಿ. ನೂರರ ತನಕ ಇದ್ದರೆ ಹತ್ತು ಚೀಲ. ನೂರಕ್ಕಿಂತ ಜಾಸ್ತಿ ಇದ್ದರೆ ಚೀಲಗಳ ಸಂಖ್ಯೆಯ ವರ್ಗಮೂಲದಷ್ಟು. 200 ಚೀಲಕ್ಕೆ ಹದಿನೈದು ಸಾಕು. ಚೀಲಕ್ಕೆ ಚುಚ್ಚುವ ಕೊಳವೆಯಿಂದ ಮೇಲೆ, ನಡುವೆ, ಕೆಳಗೆ ಕಾಳು ತೆಗೆದು ಒಂದು ಮುಚ್ಚಳದ ಡಬ್ಬಿಯಲ್ಲಿ ಕೂಡಿಸಿ. ತೆರೆದ ತಟ್ಟೆಯಲ್ಲಿ ಇಟ್ಟು ಮಾತಾಡುತ್ತಾ ನಿಂತರೆ ಬಿಸಿಲಿಗೆ ತೇವ ಇಳಿಯುತ್ತದೆ. ಚೆನ್ನಾಗಿ ಕಲಸಿ ಮೂರು ಸಲ ಮೀಟರಿಗೆ ಹಾಕಿ ಸರಾಸರಿ ಬರೆಯಿರಿ. ಮೂರರ ನಡುವೆ ಅರ್ಧಕ್ಕಿಂತ ಜಾಸ್ತಿ ಅಂತರ ಬಂದರೆ ಮತ್ತೆ ಕಲಸಿ ಮತ್ತೆ ನೋಡಿ. ಮೀಟರಿನಲ್ಲಿ ಬೆಳೆಯ ಹೆಸರು ಮೆಕ್ಕೆಜೋಳವೇ ಆಗಿದೆಯಾ ಎಂದು ಪ್ರತಿ ಸಲ ನೋಡಿಕೊಳ್ಳಿ. ಹಿಂದಿನವರು ಭತ್ತಕ್ಕೆ ಇಟ್ಟುಹೋಗಿದ್ದರೆ ಅಂಕಿ ತಪ್ಪಿರುತ್ತದೆ. ನೋಡಿದ ಕಾಳನ್ನು ಅದೇ ಚೀಲಗಳಿಗೆ ವಾಪಸ್ ಹಾಕಿ.

ಇಷ್ಟು ಮಾಡಿದ ಮೇಲೆ ನಮ್ಮ ಮೂವರು ಸದಸ್ಯರ ಪುಟ ಹೀಗಿರುತ್ತದೆ:

| ಸದಸ್ಯರು | ನಿವ್ವಳ ತೂಕ (ಕ್ವಿಂಟಾಲ್) | ತೇವಾಂಶ | ಒಣ ತೂಕ (ಕ್ವಿಂಟಾಲ್) |
|---|---|---|---|
| ಬಸವರಾಜ | 80 | 12.5 | 70 |
| ಹನುಮಂತಪ್ಪ | 100 | 14 | 86 |
| ಗಿರಿಜಮ್ಮ | 50 | 12 | 44 |
| ಒಟ್ಟು | 230 | | 200 |

ತೂಗಿದವರು, ಮೀಟರ್ ನೋಡಿದವರು, ಮಾಲಿನ ಸದಸ್ಯರು, ಮೂವರೂ ಅದೇ ದಿನ ಅದೇ ಪುಟದಲ್ಲಿ ರುಜು ಹಾಕಲಿ. ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ನಿವ್ವಳ ತೂಕ ಬಿ ಕಾಲಮಿನಲ್ಲಿ, ತೇವಾಂಶ ಸಿ ಕಾಲಮಿನಲ್ಲಿ ಇಟ್ಟು ಡಿ ಕಾಲಮಿನಲ್ಲಿ ಇದನ್ನು ಹಾಕಿದರೆ ಒಣ ತೂಕ ತಾನೇ ಬರುತ್ತದೆ:

```
=B2*(100-C2)/100
```

ಆದರೂ ಕಾಗದದ ಪುಸ್ತಕ ಬಿಡಬೇಡಿ. ರುಜು ಇರುವುದು ಅಲ್ಲಿ.

ಗುರುತಿನ ಚೀಲಗಳು

460 ಚೀಲಗಳನ್ನು ಪ್ರತಿ ತಿಂಗಳು ಇಳಿಸಿ ತೂಗಲು ಆಗುವುದಿಲ್ಲ. ಹಮಾಲಿ ಖರ್ಚೇ ನಷ್ಟಕ್ಕಿಂತ ಜಾಸ್ತಿಯಾಗುತ್ತದೆ. ಹಾಗೆಂದು ಐದು ತಿಂಗಳು ಬೀಗ ಹಾಕಿ ಕೂತರೆ ಹುಳ ಬಿದ್ದದ್ದು ಗೊತ್ತಾಗುವಷ್ಟರಲ್ಲಿ ಕಾಲ ಮೀರಿರುತ್ತದೆ. ಇದಕ್ಕೆ ದಾರಿ ಎಂದರೆ ಆರು ಚೀಲಗಳನ್ನು ಗುರುತಿಗೆ ಇಟ್ಟುಕೊಳ್ಳುವುದು.

ನಿಟ್ಟು ಹಾಕುವಾಗಲೇ ಆರು ಚೀಲಗಳಿಗೆ ಕೆಂಪು ಬಟ್ಟೆ ಕಟ್ಟಿ ನಂಬರ್ ಹಾಕಿ. ಒಂದು ಬಾಗಿಲ ಕಡೆ, ಒಂದು ಹಿಂದಿನ ಗೋಡೆ ಕಡೆ, ಒಂದು ತಗಡಿನ ಕೆಳಗೆ ಮೇಲಿನ ಸಾಲಿನಲ್ಲಿ, ಒಂದು ಮರದ ಹಲಗೆಯ ಮೇಲೆ ಕೆಳಗಿನ ಸಾಲಿನಲ್ಲಿ, ಎರಡು ನಡು ಎತ್ತರದಲ್ಲಿ. ಕೆಳಗಿನದು ಮತ್ತು ನಡುವಿನವು ಎಳೆದು ತೆಗೆಯಲು ಬರುವಂತೆ ನಿಟ್ಟಿನ ಅಂಚಿನಲ್ಲಿ ಗೂಡು ಬಿಟ್ಟಿರಬೇಕು. ನಿಟ್ಟಿನ ಹೊಟ್ಟೆಯೊಳಗಿನ ಚೀಲ ಇವುಗಳಿಗಿಂತ ನಿಧಾನವಾಗಿ ಒಣಗುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ಗುರುತಿನ ಚೀಲಗಳ ತೇವಾಂಶವನ್ನು ಇಡೀ ಗೋದಾಮಿನ ತೇವಾಂಶ ಎಂದು ಬರೆಯಬಾರದು. ಇವುಗಳ ಕೆಲಸ ಬೇರೆ: ಒಣ ತೂಕ ಇಳಿಯಲು ಶುರುವಾಗಿದೆಯಾ ಎಂದು ಹೇಳುವುದು.

ತಿಂಗಳಿಗೊಮ್ಮೆ, ಒಂದೇ ತಾರೀಖಿನ ಆಸುಪಾಸು, ಬೆಳಿಗ್ಗೆ ಹೊತ್ತು ಈ ಆರನ್ನೂ ತೂಗಿ, ತೇವಾಂಶ ನೋಡಿ ಬರೆಯಿರಿ. ಬಾಗಿಲ ಕಡೆಯ ಒಂದನೇ ನಂಬರ್ ಚೀಲದ ಪುಟ ಹೀಗಿದೆ ಎಂದುಕೊಳ್ಳಿ. ಖಾಲಿ ಚೀಲದ ತೂಕ ಕಳೆದ ಮೇಲಿನ ಅಂಕಿಗಳು ಇವು:

| ತಿಂಗಳು | ನಿವ್ವಳ ತೂಕ (ಕೆಜಿ) | ತೇವಾಂಶ | ಒಣ ತೂಕ (ಕೆಜಿ) |
|---|---|---|---|
| ಡಿಸೆಂಬರ್ | 50.0 | 13.0 | 43.50 |
| ಜನವರಿ | 49.4 | 12.1 | 43.42 |
| ಫೆಬ್ರವರಿ | 49.0 | 11.3 | 43.46 |
| ಮಾರ್ಚ್ | 48.3 | 11.0 | 42.99 |

ಡಿಸೆಂಬರಿನಿಂದ ಫೆಬ್ರವರಿಗೆ ತೂಕ ಪೂರ್ತಿ ಒಂದು ಕೆಜಿ ಇಳಿದಿದೆ. ತೂಕ ಮಾತ್ರ ನೋಡಿದವರು ಗಾಬರಿಯಾಗುತ್ತಾರೆ. ಆದರೆ ಒಣ ತೂಕ ಇದ್ದಲ್ಲೇ ಇದೆ. ಹೋದದ್ದೆಲ್ಲ ನೀರು. ಫೆಬ್ರವರಿಯಿಂದ ಮಾರ್ಚಿಗೆ 700 ಗ್ರಾಂ ಮಾತ್ರ ಇಳಿದಿದೆ, ಬೇಸಿಗೆ ಬಂತಲ್ಲ ಎಂದು ಯಾರೂ ಕೇಳುವುದಿಲ್ಲ. ನಿಜವಾಗಿ ಗಾಬರಿಯಾಗಬೇಕಾದದ್ದು ಇಲ್ಲಿ. ಒಣ ತೂಕ ಒಂದೇ ತಿಂಗಳಲ್ಲಿ ಸುಮಾರು ಅರ್ಧ ಕೆಜಿ ಬಿದ್ದಿದೆ.

ಜನವರಿಯ 43.42 ಮತ್ತು ಫೆಬ್ರವರಿಯ 43.46ರ ನಡುವೆ ಒಣ ತೂಕ 40 ಗ್ರಾಂ ಜಾಸ್ತಿಯಾದಂತೆ ಕಾಣುತ್ತದೆ ಅಲ್ವಾ? ಕಾಳು ಬೆಳೆದಿಲ್ಲ. ಅದು ಮೀಟರಿನ ಅಳತೆಯ ಅಲುಗಾಟ. ಕೈಯಲ್ಲಿ ಹಿಡಿಯುವ ಮೀಟರುಗಳು ಅರ್ಧ ಅಂಶದಷ್ಟು ಆಚೆ ಈಚೆ ತೋರಿಸುವುದು ಸಾಮಾನ್ಯ. 50 ಕೆಜಿ ಚೀಲದಲ್ಲಿ ಅರ್ಧ ಅಂಶ ಎಂದರೆ ಕಾಲು ಕೆಜಿ. ಆದ್ದರಿಂದ ಒಂದು ಚೀಲದಲ್ಲಿ ಕಾಲು ಕೆಜಿಯೊಳಗಿನ ಏರಿಳಿತಕ್ಕೆ ಅರ್ಥ ಹಚ್ಚಬೇಡಿ. ಅದಕ್ಕಿಂತ ಜಾಸ್ತಿ ಇಳಿದರೆ, ಅಥವಾ ಆರರಲ್ಲಿ ನಾಲ್ಕೈದು ಚೀಲ ಒಂದೇ ದಿಕ್ಕಿಗೆ ಇಳಿಯುತ್ತಿದ್ದರೆ, ಚೀಲ ಬಿಚ್ಚಿ ನೋಡುವ ಹೊತ್ತು ಬಂತು ಎಂದು ತಿಳಿಯಿರಿ.

ಬಿಚ್ಚಿದಾಗ ಒಂದು ಕೆಜಿ ಕಾಳನ್ನು ಸಣ್ಣ ಜರಡಿಯಲ್ಲಿ ಆಡಿಸಿ. ಕೆಳಗೆ ಬಿದ್ದ ಹಿಟ್ಟು, ಹುಳ ಎಷ್ಟು ಗ್ರಾಂ ಎಂದು ಬರೆಯಿರಿ. ಆರಿಸದೆ ನೂರು ಕಾಳು ತೆಗೆದು ಎಷ್ಟರಲ್ಲಿ ತೂತು ಇದೆ ನೋಡಿ. ಮೆಕ್ಕೆಜೋಳಕ್ಕೆ ಸಾಮಾನ್ಯವಾಗಿ ಬೀಳುವುದು ಮೂತಿ ಹುಳ. ಅದು ಕಾಳಿನೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗೇ ತಿಂದು ಬೆಳೆಯುತ್ತದೆ. ನಮ್ಮ ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಲ್ಲಿ, ಇಲ್ಲವೇ ಇನ್ನೊಂದು ವಾರ ಕಳೆದು ಹೊಸ ಹುಳ ತೂತು ಕೊರೆದು ಹೊರಬರುತ್ತದೆ. ಅಂದರೆ ತೂತು ಕಾಣುವ ಮೊದಲೇ ತಿಂದಾಗಿರುತ್ತದೆ. ಒಣ ತೂಕದ ಇಳಿಕೆ ಕಣ್ಣಿಗೆ ಹುಳ ಕಾಣುವ ಹೊತ್ತಿನಲ್ಲೋ ಅದಕ್ಕೂ ಸ್ವಲ್ಪ ಮೊದಲೋ ಸುಳಿವು ಕೊಡುತ್ತದೆ. ಆ ಕಾರಣಕ್ಕೇ ನಾನು ಈ ಆರು ಚೀಲಗಳ ಪುಟಕ್ಕೆ ಇಷ್ಟು ಬೆಲೆ ಕೊಡುವುದು.

ಹುಳ ಬಿದ್ದದ್ದು ಖಚಿತವಾದರೆ ಅನಿಲದ ಮಾತ್ರೆಗಳನ್ನು ನೀವೇ ತಂದು ಇಡಬೇಡಿ. ಅಲ್ಯುಮಿನಿಯಂ ಫಾಸ್ಫೈಡ್ ಜೀವ ತೆಗೆಯುವ ವಿಷ. ಅದನ್ನು ಬಳಸಲು ಅನುಮತಿ ಇರುವ, ತರಬೇತಿ ಪಡೆದವರನ್ನೇ ಕರೆಯಿಸಿ. ಅವರು ಬಂದ ದಿನ, ಗೋದಾಮು ಮುಚ್ಚಿದ ದಿನ, ತೆರೆದ ದಿನ ಎಲ್ಲ ಪುಸ್ತಕದಲ್ಲಿ ಇರಲಿ.

ಮೀಟರನ್ನೂ ಪರೀಕ್ಷಿಸುತ್ತಿರಿ

ಐದು ತಿಂಗಳಲ್ಲಿ ಮೀಟರೇ ಅತ್ತಿತ್ತ ಆದರೆ? ಇದನ್ನು ಕಂಡುಹಿಡಿಯಲು ಖರ್ಚಿಲ್ಲದ ಉಪಾಯವಿದೆ. ಡಿಸೆಂಬರಿನಲ್ಲಿ ಹುಳವಿಲ್ಲದ, ಚೆನ್ನಾಗಿ ಒಣಗಿದ ಕಾಳನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಪೂರ್ತಿ ತುಂಬಿ. ಅದರ ತೇವಾಂಶವನ್ನು ಬಾಟಲಿಯ ಮೇಲೆ ಬರೆಯಿರಿ. ನೆರಳಿನಲ್ಲಿಡಿ. ಪ್ರತಿ ತಿಂಗಳು ಗುರುತಿನ ಚೀಲ ನೋಡುವ ಮೊದಲು ಇದರಿಂದ ಬೇಗ ಬೇಗ ಒಂದಿಷ್ಟು ಕಾಳು ತೆಗೆದು ನೋಡಿ, ವಾಪಸ್ ಹಾಕಿ ಮುಚ್ಚಿ. ಬಾಟಲಿಯ ಕಾಳಿನ ತೇವಾಂಶ ಬದಲಾಗಲು ಹೆಚ್ಚು ದಾರಿಯಿಲ್ಲ. ಆದರೂ ಮೀಟರ್ ಬೇರೆ ಅಂಕಿ ತೋರಿಸಿದರೆ ಮೊದಲು ಬ್ಯಾಟರಿ ಬದಲಿಸಿ, ಒಳಗಿನ ಬಟ್ಟಲು ಒರೆಸಿ, ಮತ್ತೆ ನೋಡಿ. ಆಗಲೂ ಸರಿಹೋಗದಿದ್ದರೆ ಮೀಟರ್ ರಿಪೇರಿಗೆ ಹೋಗಬೇಕು.

ವರ್ಷಕ್ಕೊಮ್ಮೆ ಒಲೆ ಪರೀಕ್ಷೆಯ ಅಂಕಿಯ ಜೊತೆ ಹೋಲಿಸಿ ನೋಡುವುದೂ ಒಳ್ಳೆಯದು. ಒಡೆಯದ ಮೆಕ್ಕೆಜೋಳದ ಕಾಳನ್ನು 103 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಇಟ್ಟು, ಮೊದಲು ಮತ್ತು ಆಮೇಲೆ ತೂಗುವ ಪರೀಕ್ಷೆ ಅದು. ಪ್ರಯೋಗಾಲಯ ಇರುವ ಕಡೆ ಮಾತ್ರ ಆಗುವ ಕೆಲಸ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹೊರಗೆ ತೂಗಿ ಲೆಕ್ಕ ಮುಗಿಸುವುದು

ಏಪ್ರಿಲ್ ಕೊನೆ. ಮಾಲು ಮಾರಾಟಕ್ಕೆ ಹೊರಟಿದೆ. ಒಳಗೆ ಬಂದಾಗ ಮಾಡಿದ್ದನ್ನೇ ಈಗಲೂ ಮಾಡಬೇಕು: ಅದೇ ಯಂತ್ರ, ಅದೇ ಮೀಟರ್, ಹತ್ತು ಖಾಲಿ ಚೀಲಗಳ ತೂಕ, ಅದೇ ರೀತಿ ಚೀಲಗಳಿಂದ ಕಾಳು ತೆಗೆಯುವುದು. ಈ ಸಲ ನಿಟ್ಟು ಬಿಚ್ಚುತ್ತಿರುವುದರಿಂದ ಒಳಗಿನ ಚೀಲಗಳೂ ಕೈಗೆ ಸಿಗುತ್ತವೆ, ಅಲ್ಲಿಂದಲೂ ತೆಗೆಯಿರಿ. ನಮ್ಮ ಮಾಲಿನ ನಿವ್ವಳ ತೂಕ 223.5 ಕ್ವಿಂಟಾಲ್, ಸರಾಸರಿ ತೇವಾಂಶ 11.5 ಬಂತು.

ಒಳಗೆ ಹೋದ ಒಣ ತೂಕ 200 ಕ್ವಿಂಟಾಲ್. ತೇವಾಂಶ 11.5 ಇರುವಾಗ ಅದು 200 × 100 ÷ 88.5, ಅಂದರೆ 226 ಕ್ವಿಂಟಾಲ್ ಇರಬೇಕಿತ್ತು. 230ರಿಂದ 226ಕ್ಕೆ ಇಳಿದ ನಾಲ್ಕು ಕ್ವಿಂಟಾಲ್ ನೀರಿನ ಲೆಕ್ಕ. ಅದಕ್ಕೆ ಯಾರೂ ಹೊಣೆಯಲ್ಲ. 226ರಿಂದ 223.5ಕ್ಕೆ ಇಳಿದ ಎರಡೂವರೆ ಕ್ವಿಂಟಾಲ್ ಕಾಳಿನ ಲೆಕ್ಕ. ಇದಕ್ಕೆ ಕಾರಣ ಹುಡುಕಬೇಕು.

ಇಲ್ಲಿ ಸಹಾಯಕ್ಕೆ ಬರುವುದು ಚಿಲ್ಲರೆ ಪುಟ. ಗೋದಾಮು ಗುಡಿಸಿದಾಗ ಸಿಕ್ಕ ಒಡೆದ ಕಾಳು, ಜರಡಿ ಹಿಡಿದಾಗ ಬಿಸಾಡಿದ ಹಿಟ್ಟು, ಇಲಿ ಕಡಿದ ಚೀಲದಿಂದ ಚೆಲ್ಲಿ ಮಣ್ಣುಪಾಲಾದದ್ದು, ವ್ಯಾಪಾರಿ ಮಾದರಿ ಎಂದು ಒಯ್ದದ್ದು, ಇವೆಲ್ಲವನ್ನೂ ಆಯಾ ದಿನವೇ ತೂಗಿ ಬರೆದಿರಬೇಕು. ಗುಡಿಸಿದ್ದನ್ನು ಕೋಳಿಗೆ ಹಾಕುವುದಕ್ಕೆ ಯಾರಾದರೂ ಒಯ್ದರೂ ಸರಿ, ತೂಗಿಯೇ ಒಯ್ಯಲಿ. ನಮ್ಮ ಉದಾಹರಣೆಯಲ್ಲಿ ಈ ಪುಟದ ಮೊತ್ತ 90 ಕೆಜಿ. ಉಳಿದದ್ದು 1.6 ಕ್ವಿಂಟಾಲ್. ಮಾರ್ಚಿನಲ್ಲಿ ಗುರುತಿನ ಚೀಲಗಳು ಹುಳದ ಸುಳಿವು ಕೊಟ್ಟಿದ್ದವು, ಜರಡಿಯಲ್ಲೂ ಹುಳ ಸಿಕ್ಕಿತ್ತು. ಆದ್ದರಿಂದ ಈ 1.6 ಕ್ವಿಂಟಾಲಿನ ದೊಡ್ಡ ಪಾಲು ಹುಳದ್ದು ಎಂದು ಧೈರ್ಯವಾಗಿ ಬರೆಯಬಹುದು. ಗುರುತಿನ ಚೀಲಗಳ ಒಣ ತೂಕ ಒಂದು ಚೂರೂ ಇಳಿಯದೆ ಗೋದಾಮಿನ ಒಟ್ಟು ಲೆಕ್ಕದಲ್ಲಿ ಮಾತ್ರ ಕೊರತೆ ಬಂದಿದ್ದರೆ ಮಾತು ಬೇರೆ. ಆಗ ಮೊದಲು ಚೀಲಗಳನ್ನು ಎಣಿಸಿ. 460 ಒಳಗೆ ಹೋಗಿದ್ದು 457 ಹೊರಗೆ ಬಂದಿದ್ದರೆ ಉತ್ತರ ಅಲ್ಲೇ ಇದೆ.

ಆದರೆ ಈ 1.6 ಎಷ್ಟು ಗಟ್ಟಿ ಅಂಕಿ? ಕೊನೆಯ ತೇವಾಂಶ 11.5ರ ಬದಲು ನಿಜವಾಗಿ 12 ಆಗಿದ್ದರೆ ಇರಬೇಕಾದ ತೂಕ 226 ಅಲ್ಲ, 227.3. ಅರ್ಧ ಅಂಶದ ತಪ್ಪಿಗೆ 1.3 ಕ್ವಿಂಟಾಲ್ ಆಚೀಚೆ! ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ ಒಂದೇ ಮೀಟರ್ ಬಳಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದು. ಮೀಟರ್ ಎರಡೂ ಸಲ ಒಂದೇ ಕಡೆಗೆ, ಒಂದೇ ಅಳತೆಯಷ್ಟು ತಪ್ಪಿದರೆ ಆ ತಪ್ಪು ಲೆಕ್ಕದಲ್ಲಿ ಬಹುತೇಕ ಅಳಿದುಹೋಗುತ್ತದೆ. ಬೇರೆ ಬೇರೆ ಮೀಟರ್ ಆದರೆ ಎರಡು ತಪ್ಪುಗಳು ಕೂಡಿಕೊಳ್ಳಲೂಬಹುದು. ಹೇಗೇ ಇರಲಿ, ಇಷ್ಟು ಮಾಲಿನಲ್ಲಿ ಒಂದು ಕ್ವಿಂಟಾಲಿನ ಕೊರತೆಯನ್ನು ಹಿಡಿದು ಯಾರ ಮೇಲೂ ಬೆರಳು ತೋರಿಸಬಾರದು. ನಮ್ಮ ಅಳತೆಗೆ ಅಷ್ಟು ಸೂಕ್ಷ್ಮ ಇಲ್ಲ. ಐದಾರು ಕ್ವಿಂಟಾಲ್ ಕೊರತೆ ಬಂದರೆ ಅದು ಅಳತೆಯ ತಪ್ಪಲ್ಲ, ವಿಚಾರಿಸಲೇಬೇಕು.

ಯಾರಿಗೆ ಎಷ್ಟು

ಪಾಲನ್ನು ಹಸಿ ತೂಕದ ಮೇಲೆ ಮಾಡಬೇಡಿ, ಒಣ ತೂಕದ ಮೇಲೆ ಮಾಡಿ. ಒಣ ತೂಕ 200ರಲ್ಲಿ ಬಸವರಾಜರದು 70, ಅಂದರೆ ಶೇಕಡಾ 35. ಹನುಮಂತಪ್ಪನವರದು 43, ಗಿರಿಜಮ್ಮನವರದು 22. ಹೊರಬಂದ 223.5 ಕ್ವಿಂಟಾಲನ್ನು ಹಾಗೆ ಹಂಚಿದರೆ ಬಸವರಾಜರಿಗೆ 78.2, ಹನುಮಂತಪ್ಪನವರಿಗೆ 96.1, ಗಿರಿಜಮ್ಮನವರಿಗೆ 49.2 ಕ್ವಿಂಟಾಲಿನ ಹಣ.

ಇಲ್ಲಿ ಹನುಮಂತಪ್ಪನವರು ಕೇಳುತ್ತಾರೆ: "ನಾ ಹಾಕಿದ್ದು ನೂರು ಕ್ವಿಂಟಾಲ್ ರೀ, ನೀವು ತೊಂಬತ್ತಾರು ಅಂತೀರಲ್ರೀ. ಗಿರಿಜಮ್ಮಗ ಒಂದು ಕ್ವಿಂಟಾಲೂ ಹೋಗಿಲ್ಲ, ನನಗ ನಾಲ್ಕು ಹೆಂಗ ಹೋತು?" ಕೇಳುವುದು ಸರಿಯಾಗಿಯೇ ಇದೆ, ಉತ್ತರ ಪುಸ್ತಕದಲ್ಲಿದೆ. ಅವರ ನೂರು ಕ್ವಿಂಟಾಲಿನಲ್ಲಿ 14 ಕ್ವಿಂಟಾಲ್ ನೀರಿತ್ತು. ಗಿರಿಜಮ್ಮನವರು ಇನ್ನೆರಡು ದಿನ ಬಿಸಿಲಿಗೆ ಹಾಕಿ, ತಮ್ಮ ಮನೆಯಲ್ಲೇ ತೂಕ ಕಳೆದುಕೊಂಡು 12ಕ್ಕೆ ತಂದಿದ್ದರು. ಹಸಿ ತೂಕದ ಮೇಲೆ ಹಂಚಿದ್ದರೆ ಹನುಮಂತಪ್ಪನವರಿಗೆ 97.2 ಕ್ವಿಂಟಾಲಿನ ಹಣ ಹೋಗುತ್ತಿತ್ತು. ಆ ಹೆಚ್ಚಿನ ಒಂದು ಕ್ವಿಂಟಾಲಿನ ಹಣ ಉಳಿದಿಬ್ಬರ ಕಿಸೆಯಿಂದ ಬಂದದ್ದು. ಕ್ವಿಂಟಾಲಿಗೆ 2,000 ರೂಪಾಯಿ ಎಂದುಕೊಂಡರೆ ಎರಡು ಸಾವಿರಕ್ಕೂ ಮಿಕ್ಕಿದ ಮಾತು. ಒಂದು ವರ್ಷ ಹೀಗಾದರೆ ಮುಂದಿನ ವರ್ಷ ಗಿರಿಜಮ್ಮನವರೂ ಹಸಿ ಮಾಲನ್ನೇ ತರುತ್ತಾರೆ, ಬೂಷ್ಟು ಎಲ್ಲರಿಗೂ ಹಿಡಿಯುತ್ತದೆ.

ಒಣ ತೂಕ ಎಂದರೆ ಕೆಲವರಿಗೆ ಬಾಯಿಗೆ ಬರುವುದಿಲ್ಲ, 100 ಕ್ವಿಂಟಾಲ್ ಹಾಕಿದವರಿಗೆ 86 ಎಂದು ರಸೀದಿ ಕೊಟ್ಟರೆ ಬೇಸರವೂ ಆಗುತ್ತದೆ. ಅಂಥ ಕಡೆ ಎಲ್ಲರ ಮಾಲನ್ನೂ ಶೇಕಡಾ 12ರ ತೂಕಕ್ಕೆ ಬದಲಿಸಿ ರಸೀದಿ ಬರೆಯಿರಿ. ಒಣ ತೂಕವನ್ನು 88ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಆಯಿತು. ಬಸವರಾಜರದು 79.5, ಹನುಮಂತಪ್ಪನವರದು 97.7, ಗಿರಿಜಮ್ಮನವರದು 50. ಪಾಲಿನ ಪ್ರಮಾಣ ಬದಲಾಗುವುದಿಲ್ಲ. ಯಾವ ದಾರಿ ಹಿಡಿದರೂ ಮಾಲು ಒಳಗೆ ಬರುವ ಮೊದಲೇ ಸಭೆಯಲ್ಲಿ ಓದಿ ಹೇಳಿ ನಡಾವಳಿಗೆ ರುಜು ಹಾಕಿಸಿ. ಮಾರಾಟ ಮುಗಿದ ಮೇಲೆ ಈ ಲೆಕ್ಕ ತೆಗೆದರೆ ಸೋತವರಿಗೆ ಅದು ಮೋಸದ ಹಾಗೆಯೇ ಕಾಣುತ್ತದೆ.

ಮಳೆಗಾಲಕ್ಕೆ ದಾಟಿದರೆ

ದರ ಏರಲಿಲ್ಲ ಎಂದು ಜುಲೈ ತನಕ ಇಟ್ಟರೆ ತೂಕ ತಿರುಗಿ ಏರಲು ಶುರುವಾಗುತ್ತದೆ. ಕಾಳು ಸುತ್ತಲಿನ ಗಾಳಿಗೆ ಹೊಂದಿಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 50ರ ಸುತ್ತ ಇದ್ದರೆ ಮೆಕ್ಕೆಜೋಳ ಸುಮಾರು 11ಕ್ಕೆ ನಿಲ್ಲುತ್ತದೆ. ಆರ್ದ್ರತೆ 70 ಆಗಿ ವಾರಗಟ್ಟಲೆ ಹಾಗೇ ಇದ್ದರೆ 13.5, 14ರ ಕಡೆಗೆ ಏರುತ್ತದೆ. ನಮ್ಮ ಒಂದನೇ ನಂಬರ್ ಚೀಲ ಜುಲೈಯಲ್ಲಿ 48.6 ಕೆಜಿ ತೂಗಿತು, ತೇವಾಂಶ 13.2 ಬಂತು ಎಂದುಕೊಳ್ಳಿ. ಮಾರ್ಚಿಗಿಂತ 300 ಗ್ರಾಂ ಜಾಸ್ತಿ. ತೂಕ ಮಾತ್ರ ಬರೆಯುವವರು "ಮಾಲು ಕೂಡಿಕೊಂಡಿದೆ" ಎಂದು ಖುಷಿಯಾಗುತ್ತಾರೆ. ಒಣ ತೂಕ ನೋಡಿ: 42.18 ಕೆಜಿ. ಮಾರ್ಚಿನ 42.99ರಿಂದ ಇನ್ನೂ 800 ಗ್ರಾಂ ಹೋಗಿದೆ. ಹುಳ ತಿಂದ ಜಾಗವನ್ನು ಮಳೆಯ ನೀರು ತುಂಬಿದೆ ಅಷ್ಟೇ.

ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಒಳಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದರೆ ಈ ಏರಿಳಿತ ಹೆಚ್ಚು ಇರುವುದಿಲ್ಲ. ಒಳಗಿನ ಹುಳವೂ ಉಸಿರಿಲ್ಲದೆ ಸಾಯುತ್ತದೆ. ಆದರೆ ಅದಕ್ಕೆ ಕಾಳು ಮೊದಲೇ 12, 13ಕ್ಕೆ ಒಣಗಿರಬೇಕು, ಒಳಗಿದ್ದ ಹಸಿ ಹೊರಗೆ ಹೋಗಲು ದಾರಿಯಿಲ್ಲವಲ್ಲ. ಈ ಚೀಲಗಳನ್ನು ತಿಂಗಳಿಗೊಮ್ಮೆ ಬಿಚ್ಚಿ ತೇವಾಂಶ ನೋಡಬೇಡಿ. ಬಿಚ್ಚಿದಷ್ಟೂ ಗಾಳಿ ಒಳಗೆ ಹೋಗಿ ಇಟ್ಟ ಉದ್ದೇಶವೇ ಕೆಡುತ್ತದೆ. ಕಟ್ಟಿದಂತೆಯೇ ತೂಗಿ ಬರೆಯಿರಿ. ತೂಕ ಇಳಿದರೆ ಚೀಲಕ್ಕೆ ಎಲ್ಲೋ ತೂತು ಬಿದ್ದಿದೆ.

ಗೋಣಿ ಚೀಲದ ಮಾಲು ಜೂನ್ ದಾಟುವುದು ಖಚಿತ ಎಂದಾದರೆ, ಮುಂಗಾರು ಕಟ್ಟುವ ಮೊದಲು ಮೇ ಕೊನೆಯಲ್ಲಿ ಒಮ್ಮೆ ಪೂರ್ತಿ ಇಳಿಸಿ ತೂಗಿ. ಹಮಾಲಿ ಖರ್ಚು ಬೀಳುತ್ತದೆ, ಆದರೂ ಮಾಡಿ. ಅಲ್ಲಿಯ ತನಕದ ನೀರಿನ ಇಳಿಕೆ, ಕಾಳಿನ ಇಳಿಕೆ ಎರಡನ್ನೂ ಬರೆದು ಎಲ್ಲರ ರುಜು ಹಾಕಿಸಿ. ಆ ದಿನದ ಒಣ ತೂಕವನ್ನು ಹೊಸ ಪುಟದ ಮೊದಲ ಸಾಲಿಗೆ ಹತ್ತಿಸಿ, ಜೂನಿನಿಂದ ಗುರುತಿನ ಚೀಲಗಳನ್ನು ತಿಂಗಳಿಗೊಮ್ಮೆ ಬದಲು ಹದಿನೈದು ದಿನಕ್ಕೊಮ್ಮೆ ತೂಗಿ.